4.8 ದೊಡ್ಡದೋ 4.63 ದೊಡ್ಡದೋ: ಒಂದು ಏಳನೇ ತರಗತಿಯ ಎಕ್ಸಿಟ್ ಟಿಕೆಟ್

ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯಲ್ಲಿ 32 ಮಕ್ಕಳು. ನಾನು ಅದೇ ಭಾಗದ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತೇನೆ. ಈ ಮಕ್ಕಳೇ ಮುಂದಿನ ವರ್ಷ ನಮ್ಮಲ್ಲಿಗೆ ಎಂಟನೇ ತರಗತಿಗೆ ಬರುತ್ತಾರೆ. ಬರುವಾಗ ಅವರಲ್ಲಿ ಸುಮಾರು ಮಂದಿಗೆ ದಶಮಾಂಶ ಸಂಖ್ಯೆಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎನ್ನುವುದೇ ಗಟ್ಟಿಯಾಗಿರುವುದಿಲ್ಲ. ಹಾಗಂತ ಪ್ರಾಥಮಿಕ ಶಾಲೆಯಲ್ಲಿ ಪಾಠ ಆಗಿಲ್ಲ ಅಂತಲ್ಲ. ಪಾಠ ಆಗಿದೆ, ನೋಟ್‌ಬುಕ್ಕಿನಲ್ಲಿ ಲೆಕ್ಕ ಸರಿ ಇದೆ, ರೂಪಣಾತ್ಮಕ ಪರೀಕ್ಷೆಯಲ್ಲಿ ಅಂಕವೂ ಬಂದಿದೆ. ಹಾಗಾಗಿ ಅಲ್ಲಿನ ಗಣಿತ ಟೀಚರ್ ಜೊತೆ ಕೂತು ಈ ಒಂದು ಪಾಠಕ್ಕೆ ನಡುವೆ ಕೇಳುವ ಪ್ರಶ್ನೆ ಮತ್ತು ಕೊನೆಗೆ ಬರೆಸುವ ಚೀಟಿ, ಅಂದರೆ ಎಕ್ಸಿಟ್ ಟಿಕೆಟ್, ಎರಡನ್ನೂ ತಯಾರು ಮಾಡಿದೆವು. ಅದರ ಪೂರ್ತಿ ವಿವರ ಇಲ್ಲಿದೆ.

ಮೊದಲು ಟೀಚರ್ ಕೇಳುತ್ತಿದ್ದ ಪ್ರಶ್ನೆಗಳನ್ನು ನೋಡಿದೆವು. "2.5 ಮತ್ತು 2.7, ಯಾವುದು ದೊಡ್ಡದು?" ಎಂದರೆ ತರಗತಿಗೆ ತರಗತಿಯೇ "2.7 ರೀ" ಅನ್ನುತ್ತದೆ. ಇದರಿಂದ ಏನೂ ಗೊತ್ತಾಗುವುದಿಲ್ಲ. ಚುಕ್ಕಿಯನ್ನು ಮರೆತು 25, 27 ಅಂತ ಓದಿದರೂ ಇದೇ ಉತ್ತರ ಬರುತ್ತದೆ. "3.2 ಮತ್ತು 3.75" ಕೊಟ್ಟರೆ? ಅಲ್ಲೂ 75 ದೊಡ್ಡದು, 2 ಚಿಕ್ಕದು ಅಂತ ತಪ್ಪಾಗಿ ಯೋಚಿಸಿದ ಹುಡುಗ ಸರಿಯಾಗೇ 3.75 ಅನ್ನುತ್ತಾನೆ. ತಪ್ಪು ದಾರಿಯಲ್ಲಿ ನಡೆದವನೂ ಸರಿ ಉತ್ತರಕ್ಕೇ ಬಂದು ಮುಟ್ಟುವಂಥ ಪ್ರಶ್ನೆ ಎಷ್ಟು ಕೇಳಿದರೂ ಯಾರಿಗೆ ಮತ್ತೆ ಪಾಠ ಬೇಕು ಅನ್ನುವುದು ತಿಳಿಯುವುದಿಲ್ಲ.

ಹಾಗಾದರೆ ಮಕ್ಕಳು ಎಂಥ ತಪ್ಪು ದಾರಿ ಹಿಡಿಯುತ್ತಾರೆ ಎಂಬುದು ಮೊದಲು ಗೊತ್ತಿರಬೇಕು. ದಶಮಾಂಶ ಹೋಲಿಕೆಯಲ್ಲಿ ಈ ಕೆಲಸ ಆಗಲೇ ಚೆನ್ನಾಗಿ ಆಗಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇ ಸ್ಟೇಸಿ ಮತ್ತು ವಿಕಿ ಸ್ಟೈನಲ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮುಖ್ಯವಾಗಿ ಎರಡು ಗುಂಪು ಸಿಗುತ್ತವೆ. ಒಂದು, ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು ಅನ್ನುವವರು. ಚುಕ್ಕಿಯ ನಂತರದ ಭಾಗವನ್ನು ಪೂರ್ಣ ಸಂಖ್ಯೆಯ ಹಾಗೆ ಓದುತ್ತಾರೆ. ನಮ್ಮ ಕಡೆ 4.63 ಅನ್ನು "ನಾಲ್ಕು ಪಾಯಿಂಟ್ ಅರವತ್ಮೂರು" ಅಂತಲೇ ಓದುವುದು ರೂಢಿ. ಹಾಗೆ ಓದಿದ ಮೇಲೆ ಅರವತ್ಮೂರು ಎಂಟಕ್ಕಿಂತ ದೊಡ್ಡದು ಅನ್ನಿಸದೆ ಇರುತ್ತದೆಯೇ? ಎರಡನೆಯವರು ಇದಕ್ಕೆ ಉಲ್ಟಾ. ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ಚಿಕ್ಕದು ಅನ್ನುವವರು. ನೂರನೇ ಒಂದು ಭಾಗ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು ಅಂತ ಪಾಠದಲ್ಲಿ ಕೇಳಿರುತ್ತಾರೆ. ಅದು ನಿಜವೂ ಹೌದು. ಆದರೆ ಅದರಿಂದ ನೂರನೇ ಸ್ಥಾನದವರೆಗೆ ಹೋದ ಸಂಖ್ಯೆ ಯಾವಾಗಲೂ ಚಿಕ್ಕದು ಅಂತ ತೀರ್ಮಾನ ಮಾಡಿಕೊಂಡಿರುತ್ತಾರೆ. ಮೊದಲನೇ ಗುಂಪಿಗೆ ನಾವು "ಉದ್ದ" ಅಂತಲೂ ಎರಡನೇ ಗುಂಪಿಗೆ "ಗಿಡ್ಡ" ಅಂತಲೂ ಕರೆದುಕೊಂಡೆವು. ಯಾವ ಸಂಖ್ಯೆಯನ್ನು ದೊಡ್ಡದು ಅನ್ನುತ್ತಾರೋ ಅದರ ಮೇಲೆ ಇಟ್ಟ ಹೆಸರು ಇದು. ಮಕ್ಕಳ ಮುಂದೆ ಈ ಮಾತು ಬಳಸಲಿಲ್ಲ.

ಇದಿಷ್ಟು ಗೊತ್ತಾದ ಮೇಲೆ ಚೀಟಿ ಮಾಡುವುದು ಕಷ್ಟವಲ್ಲ. ಉದ್ದದ ಗುಂಪನ್ನು ಹಿಡಿಯಲು ಗಿಡ್ಡ ಸಂಖ್ಯೆಯೇ ದೊಡ್ಡದಾಗಿರುವ ಜೋಡಿ ಬೇಕು. ಗಿಡ್ಡದ ಗುಂಪನ್ನು ಹಿಡಿಯಲು ಉದ್ದ ಸಂಖ್ಯೆಯೇ ದೊಡ್ಡದಾಗಿರುವ ಜೋಡಿ ಬೇಕು. ಜೊತೆಗೆ ಎರಡೂ ಸಮ ಇರುವ ಒಂದು ಜೋಡಿ. ಚೀಟಿ ಹೀಗಿತ್ತು:

ಹೆಸರು: ........ ಕ್ರಮ ಸಂಖ್ಯೆ: ....
ದೊಡ್ಡದಕ್ಕೆ ಸುತ್ತು ಹಾಕು. ಎರಡೂ ಒಂದೇ ಆದರೆ "ಸಮ" ಎಂಬುದಕ್ಕೆ ಸುತ್ತು ಹಾಕು.
ಅ) 4.8 4.63 ಸಮ
ಆ) 3.2 3.75 ಸಮ
ಇ) 6.4 6.40 ಸಮ
ಈ) 4.8ರಲ್ಲಿ 8 ಅಂದರೆ ಎಷ್ಟು? ಬರೆ ಅಥವಾ ಚಿತ್ರ ತೆಗೆ.

ಮೂರೂ ಸಾಲಿನಲ್ಲಿ "ಸಮ" ಇಟ್ಟಿದ್ದಕ್ಕೆ ಕಾರಣವಿದೆ. ಎರಡೇ ಆಯ್ಕೆ ಇದ್ದು ಎರಡೇ ಪ್ರಶ್ನೆ ಇದ್ದರೆ, ಸುಮ್ನೆ ಕಣ್ಣುಮುಚ್ಚಿ ಸುತ್ತು ಹಾಕಿದ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಎರಡೂ ಸರಿ ಬಂದುಬಿಡುತ್ತದೆ. ಮೂರು ಆಯ್ಕೆ, ಮೂರು ಪ್ರಶ್ನೆ ಇದ್ದರೆ 27ರಲ್ಲಿ ಒಬ್ಬರಿಗೆ ಮಾತ್ರ ಹಾಗೆ ಆಗುತ್ತದೆ. ನಾಲ್ಕನೇ ಪ್ರಶ್ನೆಯನ್ನು ಮೊದಲು "ಯಾಕೆ?" ಅಂತ ಬರೆದಿದ್ದೆವು. ಬೇರೆ ಪಾಠದಲ್ಲಿ ಹಾಗೆ ಕೇಳಿದಾಗ ಮಕ್ಕಳು "ಯಾಕಂದ್ರ ಅದು ದೊಡ್ಡದು" ಅಂತ ಬರೆದು ಮುಗಿಸಿದ್ದನ್ನು ಟೀಚರ್ ಕಂಡಿದ್ದರು. ಅದಕ್ಕೆ 8ರ ಬೆಲೆಯನ್ನೇ ನೇರವಾಗಿ ಕೇಳಿದೆವು. ಬರೆಯಲು ಹಿಂಜರಿಯುವ ಮಗುವಿಗೆ ಚಿತ್ರದ ದಾರಿಯೂ ಇತ್ತು.

ಕಾಗದದ ಖರ್ಚು ಇಷ್ಟೇ: ಒಂದು ಎ4 ಹಾಳೆಯನ್ನು ಮೂರು ಸಲ ಮಡಚಿ ಹರಿದರೆ ಎಂಟು ಚೀಟಿ ಆಗುತ್ತವೆ. 32 ಮಕ್ಕಳಿಗೆ ನಾಲ್ಕು ಹಾಳೆ ಸಾಕು. ಒಂದು ಕಡೆ ಖಾಲಿ ಇದ್ದ ಹಳೇ ಹಾಳೆಗಳನ್ನೇ ಬಳಸಿದರು. ಪ್ರಶ್ನೆಗಳನ್ನು ಬೋರ್ಡ್ ಮೇಲೆ ಬರೆದರು. ಚೀಟಿಯ ಮೇಲೆ ಮಕ್ಕಳೇ ನೋಡಿ ಬರೆದುಕೊಂಡರು.

ಪಾಠದ ನಡುವೆ ಕೇಳುವ ಪ್ರಶ್ನೆಗೆ ಕಾಗದ ಬೇಡ ಅಂತ ತೀರ್ಮಾನಿಸಿದೆವು. ಬೆರಳು ಸಾಕು. ಎಡಗಡೆಯ ಸಂಖ್ಯೆ ದೊಡ್ಡದಾದರೆ ಒಂದು ಬೆರಳು, ಬಲಗಡೆಯದ್ದಾದರೆ ಎರಡು, ಸಮ ಆದರೆ ಮೂರು. ಆದರೆ ಬೆರಳು ತೋರಿಸುವುದರಲ್ಲಿ ಒಂದು ತೊಂದರೆ ಇದೆ. ಮುಂದಿನ ಬೆಂಚಿನ ಜಾಣ ಹುಡುಗಿ ಎರಡು ಬೆರಳು ಎತ್ತಿದರೆ ಹಿಂದಿನವರೆಲ್ಲ ಎರಡು ಎತ್ತುತ್ತಾರೆ. ಅದಕ್ಕೆ ಕೈ ಮೇಲೆತ್ತುವ ಹಾಗಿಲ್ಲ, ಎದೆಗೆ ಒತ್ತಿ ಹಿಡಿಯಬೇಕು. ಮೊದಲು ಸುಮ್ಮನೆ ಯೋಚನೆ ಮಾಡಬೇಕು. ಟೀಚರ್ ಮನಸ್ಸಿನಲ್ಲಿ ಹತ್ತು ಎಣಿಸಿ "ತೋರ್ಸ್ರಿ" ಅಂದಾಗ ಎಲ್ಲರೂ ಒಟ್ಟಿಗೇ ತೋರಿಸಬೇಕು. ಮೊದಲ ಸಲ ಗಲಾಟೆ ಆಗುತ್ತದೆ. "5 ಮತ್ತು 9" ಅಂಥ ಸುಲಭದ ಜೋಡಿಯಲ್ಲಿ ಒಂದೆರಡು ಸಲ ಅಭ್ಯಾಸ ಮಾಡಿಸಿದರೆ ಸರಿಹೋಗುತ್ತದೆ.

ಇನ್ನೊಂದು ಮಾತನ್ನು ತರಗತಿಗೆ ಹೋಗುವ ಮೊದಲೇ ಬರೆದಿಟ್ಟುಕೊಂಡೆವು. ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಮಕ್ಕಳು ತಪ್ಪು ತೋರಿಸಿದರೆ ಅಲ್ಲೇ ನಿಂತು ಎಲ್ಲರಿಗೂ ಬೇರೆ ರೀತಿಯಲ್ಲಿ ಹೇಳಬೇಕು. ಅದಕ್ಕಿಂತ ಕಡಿಮೆ ಇದ್ದರೆ ಪಾಠ ಮುಂದುವರಿಸಿ, ಮಿಕ್ಕವರು ಲೆಕ್ಕ ಮಾಡುವಾಗ ಆ ಮಕ್ಕಳ ಹತ್ತಿರ ಹೋಗಬೇಕು. ಇದನ್ನು ಮೊದಲೇ ಗೊತ್ತು ಮಾಡದಿದ್ದರೆ ಬೆರಳು ನೋಡಿ "ಪರವಾಗಿಲ್ಲ, ಬಹಳ ಮಂದಿ ಸರಿ ಇದ್ದಾರೆ" ಅಂತ ಮುಂದೆ ಹೋಗುವುದೇ ಆಗುತ್ತದೆ. ಮುಗಿಸಬೇಕಾದ ಪಾಠ ಅಷ್ಟಿರುತ್ತದಲ್ಲ.

ಆ ದಿನ 29 ಮಕ್ಕಳು ಬಂದಿದ್ದರು. ಮೆಣಸಿನಕಾಯಿ ಬಿಡಿಸುವ ಕಾಲ, ಮೂವರು ಇರಲಿಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಮೊದಲ ಹದಿನೈದು ನಿಮಿಷ ಟೀಚರ್ ಸ್ಥಾನಬೆಲೆ ಕೋಷ್ಟಕ ಇಟ್ಟು ಹತ್ತನೇ ಭಾಗ, ನೂರನೇ ಭಾಗ ಹೇಳಿದರು. ಆಮೇಲೆ 4.8, 4.63 ಬರೆದು ಬೆರಳು ಕೇಳಿದರು. 17 ಮಕ್ಕಳು ಸರಿ. 11 ಮಕ್ಕಳು 4.63. ಒಬ್ಬ "ಸಮ". ತಪ್ಪು ತೋರಿಸಿದ ಹನ್ನೆರಡೂ ಮಕ್ಕಳ ಹೆಸರನ್ನು ನಾನು ಹಿಂದೆ ಕೂತು ಗುರುತು ಹಾಕಿಕೊಂಡೆ. ಟೀಚರ್ ಒಬ್ಬರೇ ಇದ್ದರೆ ಹಾಜರಿ ಪಟ್ಟಿಯ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟುಕೊಂಡು ತಪ್ಪಿದವರ ಎದುರು ಮಾತ್ರ ಚುಕ್ಕಿ ಇಡಬಹುದು.

ಹನ್ನೆರಡು ಅಂದರೆ ಮೂರರಲ್ಲೊಂದಕ್ಕಿಂತ ಜಾಸ್ತಿ. ಟೀಚರ್ ಅಲ್ಲೇ ನಿಂತರು. ಮಕ್ಕಳ ಚೌಕಗೆರೆಯ ನೋಟ್‌ಬುಕ್ ತೆಗೆಸಿದರು. ಹತ್ತು ಸಾಲು, ಹತ್ತು ಕಂಬದ ಒಂದು ಚೌಕ ಹಾಕಿಸಿ, ಈ ನೂರು ಮನೆ ಸೇರಿ ಒಂದು ಅಂದರು. 0.8 ಅಂದರೆ ಎಂಟು ಪೂರ್ತಿ ಕಂಬ ಬಣ್ಣ ಹಚ್ಚಿ. ಪಕ್ಕದಲ್ಲಿ ಇನ್ನೊಂದು ಚೌಕ, 0.63ಕ್ಕೆ ಆರು ಕಂಬ ಮತ್ತು ಮೂರು ಮನೆ. ಎಂಟು ಕಂಬ ಕಣ್ಣಿಗೇ ದೊಡ್ಡದಾಗಿ ಕಾಣುತ್ತದೆ. ಇಂಥವೇ ಇನ್ನೆರಡು ಉದಾಹರಣೆ ಮಾಡಿಸಿದರು. ಅವಧಿ ಮುಗಿಯಲು ಏಳು ನಿಮಿಷ ಇದೆ ಅನ್ನುವಾಗ ಚೀಟಿ ಕೊಟ್ಟರು.

ಚೀಟಿಗಳನ್ನು ತಿದ್ದಲಿಲ್ಲ. ಕೆಂಪು ಪೆನ್ ಇಲ್ಲ, ಅಂಕ ಇಲ್ಲ. ಸಿಬ್ಬಂದಿ ಕೋಣೆಯ ಮೇಜಿನ ಮೇಲೆ 'ಅ' ಮತ್ತು 'ಆ' ಉತ್ತರ ಮಾತ್ರ ನೋಡಿ ನಾಲ್ಕು ಕಡೆ ಹಾಕುತ್ತ ಹೋದೆವು. ಚಹಾ ಕುಡಿದು ಮುಗಿಯುವಷ್ಟರಲ್ಲಿ ಆಯಿತು. ಎರಡೂ ಸರಿ: 16. 'ಅ' ತಪ್ಪು, 'ಆ' ಸರಿ: 6, ಇವರು ಉದ್ದದ ಗುಂಪು. 'ಅ' ಸರಿ, 'ಆ' ತಪ್ಪು: 5, ಇವರು ಗಿಡ್ಡದ ಗುಂಪು. ಎರಡೂ ತಪ್ಪು: 2. ಆಮೇಲೆ 'ಇ' ನೋಡಿದೆವು. ಉದ್ದದ ಆರರಲ್ಲಿ ಐವರು 6.40 ದೊಡ್ಡದು ಅಂದಿದ್ದರು, ಗಿಡ್ಡದ ಐವರಲ್ಲಿ ನಾಲ್ವರು 6.4 ದೊಡ್ಡದು ಅಂದಿದ್ದರು. ಅಂದರೆ ಮಕ್ಕಳು ಮನಸ್ಸಿಗೆ ಬಂದಹಾಗೆ ಸುತ್ತು ಹಾಕಿಲ್ಲ. ಒಂದು ನಿಯಮ ಇಟ್ಟುಕೊಂಡು ಅದರ ಪ್ರಕಾರವೇ ನಡೆದಿದ್ದಾರೆ. ಮೂರನೇ ಉತ್ತರ ಗುಂಪಿಗೆ ಹೊಂದದೆ ಇದ್ದ ಇಬ್ಬರನ್ನು ಮಾತ್ರ ಮರುದಿನ ಕರೆದು ಒಂದು ನಿಮಿಷ ಮಾತಾಡಿಸುವುದು ಅಂತಾಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಗಿಡ್ಡದ ಗುಂಪಿನ ಆ ಐದು ಚೀಟಿ. ಬೆರಳಿನ ಪ್ರಶ್ನೆಯಲ್ಲಿ ತಪ್ಪಿದ ಹನ್ನೆರಡು ಹೆಸರಿನ ಪಟ್ಟಿಯಲ್ಲಿ ಹುಡುಕಿದರೆ ಐವರಲ್ಲಿ ನಾಲ್ವರ ಹೆಸರು ಇರಲೇ ಇಲ್ಲ. ಇರುವುದಾದರೂ ಹೇಗೆ? 4.8, 4.63 ಜೋಡಿಯಲ್ಲಿ ಅವರ ತಪ್ಪು ನಿಯಮವೇ ಸರಿ ಉತ್ತರ ಕೊಡುತ್ತದೆ. ಅಂದರೆ ಬೆರಳು ಸರಿ ತೋರಿಸಿದ 17 ಮಕ್ಕಳ ಒಳಗೇ ಈ ನಾಲ್ವರೂ ಕೂತಿದ್ದರು. ಅಷ್ಟೇ ಅಲ್ಲ, ಆಮೇಲೆ ಚೌಕದಲ್ಲಿ ಮಾಡಿಸಿದ ಉದಾಹರಣೆಗಳೆಲ್ಲ ಗಿಡ್ಡ ಸಂಖ್ಯೆಯೇ ದೊಡ್ಡದಾಗಿರುವ ಜಾತಿಯವು. ಒಂದೊಂದು ಉದಾಹರಣೆಯೂ ಅವರ ನಂಬಿಕೆಯನ್ನು ಗಟ್ಟಿ ಮಾಡಿತು. ಐದನೆಯವನ ಕಥೆ ಇನ್ನೂ ಗಮನಿಸಬೇಕಾದ್ದು. ಅವನು ಬೆರಳಿನಲ್ಲಿ 4.63 ದೊಡ್ಡದು ಅಂದಿದ್ದ. ಪಾಠ ಕೇಳಿದ ಮೇಲೆ ಚೀಟಿಯಲ್ಲಿ ಗಿಡ್ಡದ ಗುಂಪಿಗೆ ಬಂದಿದ್ದ. ಅವನಿಗೆ ಪಾಠ ತಲುಪಿದೆ, ಆದರೆ "ಹಾಗಾದರೆ ಅಂಕಿ ಕಡಿಮೆ ಇದ್ದದ್ದೇ ದೊಡ್ಡದು" ಅಂತ ತಲುಪಿದೆ.

ಗಿಡ್ಡದ ಗುಂಪಿನಲ್ಲಿ ಒಬ್ಬ ಹುಡುಗಿ ಇದ್ದಳು. ಗಣಿತದಲ್ಲಿ ಚುರುಕು, ಎಲ್ಲದಕ್ಕೂ ಮೊದಲು ಕೈ ಎತ್ತುವವಳು. ಅವಳ ಚೀಟಿಯಲ್ಲಿ 3.2ಕ್ಕೆ ಸುತ್ತು. ಟೀಚರ್ ಮರುದಿನ ಕರೆದು ಕೇಳಿದರು.

"ಇದು ಹೆಂಗ ದೊಡ್ಡದಾತವ್ವಾ, ಹೇಳು ನೋಡೋಣ."

"ಟೀಚರ್‌ರೀ, ಇದು ಹತ್ತನೇ ಭಾಗದ ತನಕಾ ಅಷ್ಟ ಐತ್ರಿ. ಅದು ನೂರನೇ ಭಾಗಕ್ಕ ಹೋಗೇತಿ. ನೂರನೇ ಭಾಗ ಸಣ್ಣದಲ್ರಿ?"

ಅವಳು ಪಾಠವನ್ನು ಗಮನಕೊಟ್ಟೇ ಕೇಳಿದ್ದಾಳೆ. ಒಂದು ತುಂಡು ಚಿಕ್ಕದು ಅನ್ನುವುದು ಸರಿ. ಅಂಥ ಎಪ್ಪತ್ತೈದು ತುಂಡು ಸೇರಿವೆ, ಅದರೊಳಗೆ ಏಳು ಹತ್ತನೇ ಭಾಗಗಳೇ ಇವೆ ಅನ್ನುವುದು ಅವಳಿಗೆ ಕಂಡಿಲ್ಲ. ಇಂಥ ಮಗುವಿಗೆ ಮೊದಲಿನ ಪಾಠವನ್ನೇ ಇನ್ನೊಮ್ಮೆ ಹೇಳಿದರೆ ಏನು ಪ್ರಯೋಜನ?

ಆದ್ದರಿಂದ ಮರುಬೋಧನೆಯನ್ನು ಎರಡು ಗುಂಪಿಗೆ ಬೇರೆ ಬೇರೆ ಮಾಡಿದೆವು. ತಪ್ಪು ಮಾಡಿದ ಹದಿಮೂರೂ ಮಕ್ಕಳನ್ನು ಒಟ್ಟಿಗೆ ಕೂರಿಸಿ "ನೂರನೇ ಭಾಗ ಬಹಳ ಚಿಕ್ಕದು" ಅಂತ ಒತ್ತಿ ಹೇಳಿದರೆ ಉದ್ದದ ಗುಂಪಿನವರು ಗಿಡ್ಡದ ಗುಂಪಿಗೆ ಜಾರುತ್ತಾರೆ, ಗಿಡ್ಡದವರು ಇದ್ದಲ್ಲೇ ಗಟ್ಟಿಯಾಗುತ್ತಾರೆ. ಸೊನ್ನೆ ಸೇರಿಸಿ 4.80, 4.63 ಮಾಡಿಸುವ ಸುಲಭದ ದಾರಿ ಇದೆಯಲ್ಲ ಅಂತ ನೀವು ಕೇಳಬಹುದು. ಅದು ಎರಡೂ ಗುಂಪಿನ ಉತ್ತರವನ್ನು ಸರಿ ಮಾಡುತ್ತದೆ. ಆದರೆ ಮಗು ಆಗಲೂ 80, 63 ಅಂತ ಪೂರ್ಣ ಸಂಖ್ಯೆಯನ್ನೇ ಹೋಲಿಸುತ್ತಿರುತ್ತದೆ. ಚೀಟಿ ಸರಿ ಬರುತ್ತದೆ, ಒಳಗಿನ ತಪ್ಪು ಮುಚ್ಚಿಹೋಗುತ್ತದೆ. ಅದಕ್ಕೆ ಸೊನ್ನೆ ಹಚ್ಚುವುದನ್ನು ಕೊನೆಗೆ ಇಟ್ಟುಕೊಂಡೆವು.

ಮರುದಿನದ ಅವಧಿಯಲ್ಲಿ ಎರಡೂ ಸರಿ ಮಾಡಿದ ಹದಿನಾರು ಮಕ್ಕಳಿಗೆ 2.3 ಮತ್ತು 2.4ರ ನಡುವೆ ಐದು ಸಂಖ್ಯೆ ಹುಡುಕುವ ಕೆಲಸ ಕೊಟ್ಟರು. ಅದೂ ಸುಲಭವಲ್ಲ, ಹದಿನೈದು ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ಉದ್ದದ ಗುಂಪು ಟೀಚರ್ ಹತ್ತಿರ ಕೂತು 0.8 ಮತ್ತು 0.63 ಅನ್ನು ಮತ್ತೆ ಚೌಕದಲ್ಲಿ ತುಂಬಿತು. ಆದರೆ ಈ ಸಲ ಟೀಚರ್ ಅವರಿಂದ ಬಾಯಿಬಿಟ್ಟು ಓದಿಸಿದರು: ಎಂಟು ಹತ್ತನೇ ಭಾಗ, ಆರು ಹತ್ತನೇ ಭಾಗ ಮತ್ತು ಮೂರು ನೂರನೇ ಭಾಗ. "ಪಾಯಿಂಟ್ ಅರವತ್ಮೂರು" ಅಂದರೆ ನಿಲ್ಲಿಸಿ ಇನ್ನೊಮ್ಮೆ ಓದಿಸಿದರು. ಗಿಡ್ಡದ ಗುಂಪಿನ ಜೊತೆ ನಾನು ಕೂತೆ. ಅವರಿಗೆ 3.75 ಮಾತ್ರ. ಚುಕ್ಕಿಯ ನಂತರದ ಭಾಗಕ್ಕೆ ಎಪ್ಪತ್ತೈದು ಮನೆಗೆ ಬಣ್ಣ ಹಚ್ಚಿ, ಎಷ್ಟು ಪೂರ್ತಿ ಕಂಬ ತುಂಬಿತು ಎಣಿಸಿ ಅಂದೆ. ಏಳು ಕಂಬ, ಮೇಲೆ ಐದು ಮನೆ. ಪಕ್ಕದಲ್ಲಿ 0.2ರ ಎರಡು ಕಂಬ. ಮೊದಲು ಮಾತಾಡಿಸಿದ ಆ ಹುಡುಗಿ ಎರಡೂ ಚೌಕವನ್ನು ಸ್ವಲ್ಪ ಹೊತ್ತು ನೋಡಿ, ತನ್ನ ಚೀಟಿಯನ್ನು ತಾನೇ ಕೇಳಿ ತಗೊಂಡು ಸುತ್ತನ್ನು ಅಳಿಸಿದಳು.

ಉದ್ದದ ಗುಂಪಿನ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಮನೆಯವರ ಜೊತೆ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ಬರುವವನು, ತೂಕದ ಯಂತ್ರ ಓದುವುದು ಅವನಿಗೆ ಚೆನ್ನಾಗಿ ಗೊತ್ತು. ಎರಡೂವರೆ ಕಿಲೋ ಜಾಸ್ತಿಯೋ, ಎರಡು ಕಿಲೋ ಮುನ್ನೂರೈವತ್ತು ಗ್ರಾಂ ಜಾಸ್ತಿಯೋ ಅಂದರೆ ಥಟ್ಟನೆ ಸರಿ ಹೇಳುತ್ತಾನೆ. ಆದರೆ ಬೋರ್ಡ್ ಮೇಲೆ 2.5, 2.35 ಬರೆದರೆ 2.35 ಅನ್ನುತ್ತಾನೆ. ಯಂತ್ರ ಯಾವಾಗಲೂ ಚುಕ್ಕಿಯ ನಂತರ ಮೂರು ಅಂಕಿ ತೋರಿಸುತ್ತದೆ, 2.500, 2.350 ಅಂತ. ಅಲ್ಲಿ 500, 350 ಅಂತ ಪೂರ್ಣ ಸಂಖ್ಯೆ ಓದಿದರೂ ತಪ್ಪಾಗುವುದಿಲ್ಲ. ರೂಪಾಯಿ ಪೈಸೆಯೂ ಹಾಗೇ, ಯಾವಾಗಲೂ ಎರಡು ಅಂಕಿ. ತೂಕ, ಹಣ ಮಕ್ಕಳಿಗೆ ಹತ್ತಿರದ ಉದಾಹರಣೆ ಅಂತ ಅವನ್ನೇ ಪರೀಕ್ಷೆಯ ಪ್ರಶ್ನೆ ಮಾಡಿದರೆ ಈ ತಪ್ಪು ಎಂದಿಗೂ ಹೊರಗೆ ಬರುವುದಿಲ್ಲ. ಕಲಿಸುವುದಕ್ಕೆ ಮಾತ್ರ ಅದು ಒಳ್ಳೆಯದೇ. 2.5 ಅನ್ನು ಯಂತ್ರ ಹೇಗೆ ತೋರಿಸುತ್ತದೆ ಅಂತ ಕೇಳಿದಾಗ ಆ ಹುಡುಗ ತಾನೇ ಸೊನ್ನೆ ಹಚ್ಚಿದ.

ಎರಡೂ ತಪ್ಪು ಮಾಡಿದ ಇಬ್ಬರನ್ನು ಬೇರೆಯಾಗಿ ಮಾತಾಡಿಸಿದೆವು. ಒಬ್ಬ ಚಿಕ್ಕದಕ್ಕೆ ಸುತ್ತು ಹಾಕಿದ್ದ. ಪ್ರಶ್ನೆ ಓದಿರಲಿಲ್ಲ, ಹಿಂದಿನ ದಿನ ಮಾಡಿದ ಏರಿಕೆ ಕ್ರಮದ ಲೆಕ್ಕ ತಲೆಯಲ್ಲಿತ್ತು. ಅವನ ಎಲ್ಲ ಹೋಲಿಕೆಯೂ ಸರಿ ಇತ್ತು. ಇನ್ನೊಬ್ಬನಿಗೆ ಹತ್ತನೇ ಭಾಗ ಅಂದರೇನು ಎಂಬುದೇ ಗೊತ್ತಿರಲಿಲ್ಲ. 'ಈ' ಪ್ರಶ್ನೆಯ ಜಾಗ ಖಾಲಿ ಬಿಟ್ಟಿದ್ದ. ಅವನಿಗೆ ದಶಮಾಂಶಕ್ಕಿಂತ ಮೊದಲು ಭಿನ್ನರಾಶಿ ಬೇಕು. ಅದು ಹದಿನೈದು ನಿಮಿಷದ ಕೆಲಸವಲ್ಲ. ಒಂದೇ ರಾಶಿಯಲ್ಲಿ ಬಿದ್ದ ಎರಡು ಚೀಟಿಗಳ ಹಿಂದೆ ಎಷ್ಟು ಬೇರೆ ಬೇರೆ ಕಾರಣ ನೋಡಿ. ಇಂಥ ಕಡೆ ಚೀಟಿ ಯಾರನ್ನು ಕರೆದು ಮಾತಾಡಿಸಬೇಕು ಅಂತ ಹೇಳುತ್ತದೆ, ಏನು ಕಲಿಸಬೇಕು ಅಂತ ಹೇಳುವುದಿಲ್ಲ.

ಅವಧಿಯ ಕೊನೆಗೆ ಎಲ್ಲರಿಗೂ ಇನ್ನೊಂದು ಚೀಟಿ. ಸಂಖ್ಯೆ ಬೇರೆ, ಜಾತಿ ಅದೇ: 7.46 ಮತ್ತು 7.9, 5.62 ಮತ್ತು 5.1, 8.30 ಮತ್ತು 8.3. ಉದ್ದ ಸಂಖ್ಯೆಯನ್ನು ಈ ಸಲ ಎಡಗಡೆ ಇಟ್ಟೆವು, ಜಾಗ ನೆನಪಿಟ್ಟುಕೊಂಡು ಸುತ್ತು ಹಾಕಬಾರದು ಅಂತ. ಹದಿಮೂರರಲ್ಲಿ ಒಂಬತ್ತು ಮಕ್ಕಳು ಸರಿ ಮಾಡಿದರು. ಉದ್ದದ ಗುಂಪಿನ ಒಬ್ಬ ಇದ್ದಲ್ಲೇ ಇದ್ದ, ಒಬ್ಬಳು ಗಿಡ್ಡದ ಕಡೆ ಜಾರಿದಳು. ಗಿಡ್ಡದಲ್ಲಿ ಒಬ್ಬ ಉಳಿದ. ಭಿನ್ನರಾಶಿ ಬೇಕಾಗಿದ್ದ ಹುಡುಗನೂ ಉಳಿದ. ಹಿಂದಿನ ದಿನ ಸರಿ ಮಾಡಿದ್ದ ಹದಿನಾರರಲ್ಲಿ ಒಬ್ಬಳು ಈ ಸಲ ಉದ್ದದ ರಾಶಿಗೆ ಬಂದಳು. ಅವಳ ಹಳೇ ಚೀಟಿ ತೆಗೆದು ನೋಡಿದರೆ 'ಇ' ತಪ್ಪಿತ್ತು, 'ಈ' ಖಾಲಿ. ಎರಡೂ ಸರಿ ಇದೆ ಅಂತ ಆ ರಾಶಿಯನ್ನು ಪೂರ್ತಿ ಬದಿಗಿಡುವ ಹಾಗಿಲ್ಲ ಅನ್ನುವುದು ಇಂಥ ಚೀಟಿಯಿಂದಲೇ ತಿಳಿಯುತ್ತದೆ. ಮೊದಲ ದಿನ ಬಾರದ ಮೂವರಲ್ಲಿ ಇಬ್ಬರು ಬಂದಿದ್ದರು, ಒಬ್ಬ ಉದ್ದದ ಗುಂಪು. ಹೀಗೆ ಟೀಚರ್ ಕೈಯಲ್ಲಿ ಆರು ಹೆಸರಿನ ಪಟ್ಟಿ ಉಳಿಯಿತು. ಆರು ಮಕ್ಕಳನ್ನು ದಿನಾ ಐದು ನಿಮಿಷ ಕರೆದು ಕೂರಿಸಿಕೊಳ್ಳುವುದು ಆಗುವ ಕೆಲಸ.

ಮಾಡಿ ನೋಡುವವರಿಗೆ ಎರಡು ಮಾತು. ಬಿಸಿಯೂಟದ ಗಂಟೆಗೆ ಮುಂಚಿನ ಅವಧಿಯಲ್ಲಿ ಚೀಟಿ ಬೇಡ. ಆ ಹೊತ್ತಿನ ಚೀಟಿಗಳಲ್ಲಿ ಎರಡೂ ತಪ್ಪಿನ ರಾಶಿ ಸುಮ್ನೆ ಬೆಳೆಯುತ್ತದೆ, ಮಕ್ಕಳು ತಟ್ಟೆಯ ಕಡೆ ನೋಡುತ್ತಿರುತ್ತಾರೆ. ಇನ್ನೊಂದು, ಚೀಟಿಯ ಫಲಿತಾಂಶವನ್ನು ರೂಪಣಾತ್ಮಕ ಮೌಲ್ಯಮಾಪನದ ಅಂಕಕ್ಕೆ ಸೇರಿಸಬೇಡಿ. ಅಂಕ ಇದೆ ಅಂತ ಗೊತ್ತಾದ ದಿನವೇ ಮಕ್ಕಳು ಪಕ್ಕದವರ ಚೀಟಿ ನೋಡಿ ಬರೆಯುತ್ತಾರೆ. ಆಮೇಲೆ ರಾಶಿಗಳಿಗೆ ಅರ್ಥವೇ ಇರುವುದಿಲ್ಲ.

ಮರುದಿನವೇ ಸರಿ ಬಂದದ್ದು ಉಳಿಯುತ್ತದೆ ಅಂತಲೂ ಇಲ್ಲ. ಅದಕ್ಕೆ ಎರಡು ವಾರ ಬಿಟ್ಟು ಬೇರೆ ಪಾಠದ ಶುರುವಿನಲ್ಲಿ, ಮುನ್ಸೂಚನೆ ಇಲ್ಲದೆ, ಎರಡು ಜೋಡಿಯನ್ನು ಬೆರಳಿನಲ್ಲಿ ಕೇಳಬೇಕು ಅಂತ ಟೀಚರ್ ಪಾಠಯೋಜನೆಯಲ್ಲೇ ಬರೆದಿಟ್ಟುಕೊಂಡರು. ಈ ಸಲ ಒಂದಲ್ಲ, ಎರಡು ಜೋಡಿ, ಒಂದೊಂದು ಜಾತಿಯದ್ದು ಒಂದೊಂದು. ಮುಂದಿನದು ದಶಮಾಂಶ ಗುಣಾಕಾರ. ಅದಕ್ಕೆ 0.4 × 0.2 ಅಂತ ಕೊಟ್ಟು 0.8, 0.08, 0.6 ಆಯ್ಕೆ ಇಡಬೇಕು ಅಂತ ಈಗಾಗಲೇ ಮಾತಾಡಿಕೊಂಡಿದ್ದೇವೆ. 0.6 ಬರೆದವರು ಕೂಡಿಸಿದ್ದಾರೆ. 0.8 ಬರೆದವರು ಅಂಕಿಗಳನ್ನು ಗುಣಿಸಿ ಚುಕ್ಕಿಯನ್ನು ಕೂಡಿಸುವ ಲೆಕ್ಕದ ಹಾಗೆ ನೇರ ಕೆಳಗಿಳಿಸಿದ್ದಾರೆ.